ಲಾಭ ಏರಿದರೂ ಷೇರು ಬಿದ್ದಿದ್ದೇಕೆ? ಫಲಿತಾಂಶದ ದಿನದ ಏರಿಳಿತವನ್ನು ಓದುವ ಬಗೆ

2023ರ ಏಪ್ರಿಲ್ 13, ಗುರುವಾರ. ಷೇರುಪೇಟೆಯ ವಹಿವಾಟು ಮುಗಿದ ಮೇಲೆ ಬೆಂಗಳೂರಿನ ಇನ್ಫೊಸಿಸ್ ತನ್ನ ನಾಲ್ಕನೇ ತ್ರೈಮಾಸಿಕದ ಫಲಿತಾಂಶ ಪ್ರಕಟಿಸಿತು. ನಿವ್ವಳ ಲಾಭ 6,128 ಕೋಟಿ ರೂಪಾಯಿ. ಹಿಂದಿನ ವರ್ಷದ ಇದೇ ಅವಧಿಗೆ ಹೋಲಿಸಿದರೆ ಶೇ 7.8ರಷ್ಟು ಜಾಸ್ತಿ. ಮರುದಿನ ಅಂಬೇಡ್ಕರ್ ಜಯಂತಿ, ಪೇಟೆಗೆ ರಜೆ. ಆಮೇಲೆ ಶನಿವಾರ, ಭಾನುವಾರ. ಸೋಮವಾರ ಬೆಳಗ್ಗೆ ಪೇಟೆ ತೆರೆದಾಗ ಇನ್ಫೊಸಿಸ್ ಷೇರು ಶೇ 10ಕ್ಕಿಂತ ಜಾಸ್ತಿ ಕುಸಿಯಿತು. ಕೊನೆಗೆ ಸ್ವಲ್ಪ ಚೇತರಿಸಿಕೊಂಡು ಸುಮಾರು 1,258 ರೂಪಾಯಿಗೆ ನಿಂತಿತು. ಗುರುವಾರ ಅದು ಸುಮಾರು 1,388 ರೂಪಾಯಿ ಇತ್ತು. ಒಂದೇ ವಹಿವಾಟಿನ ದಿನದಲ್ಲಿ ಶೇ 9.4ರಷ್ಟು ಇಳಿಕೆ.

ಲಾಭ ಏರಿದೆ, ಷೇರು ಬಿದ್ದಿದೆ. ಹೊಸದಾಗಿ ಡಿಮ್ಯಾಟ್ ಖಾತೆ ತೆರೆದವರಿಗೆ ಇದು ಅನ್ಯಾಯ ಅನ್ನಿಸುತ್ತದೆ. ಪೇಟೆಗೆ ತಲೆ ಕೆಟ್ಟಿದೆಯಾ, ಅಥವಾ ಪೇಟೆಗೆ ನಮಗೆ ಗೊತ್ತಿಲ್ಲದ್ದೇನೋ ಗೊತ್ತಿತ್ತಾ? ಹಣಕಾಸು ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ಒಂದು ವಿಧಾನ ಇದೆ. ಅದರ ಹೆಸರು ಈವೆಂಟ್ ಸ್ಟಡಿ. ಒಂದು ಸುದ್ದಿ ಬಂದಾಗ ಷೇರಿನ ಬೆಲೆಯಲ್ಲಾದ ಬದಲಾವಣೆಯಲ್ಲಿ ಆ ಸುದ್ದಿಯ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡುವ ಲೆಕ್ಕ ಅದು. ಆ ಸೋಮವಾರದ ಅಂಕಿಗಳನ್ನೇ ಇಟ್ಟುಕೊಂಡು ಅದನ್ನು ಹಂತ ಹಂತವಾಗಿ ಮಾಡೋಣ.

## ಪೇಟೆಗೆ ಎಷ್ಟು ಗೊತ್ತಿರುತ್ತದೆ: ಮೂರು ಮಟ್ಟ

ಮೊದಲು ಒಂದು ಮೂಲ ವಿಚಾರ. ಷೇರಿನ ಬೆಲೆ ಅಂದರೆ ಲಕ್ಷಾಂತರ ಜನರ ಅಂದಾಜುಗಳು ಒಂದು ಕಡೆ ಸೇರಿ ನಿಂತ ಅಂಕಿ. ಕಂಪನಿಯ ಬಗ್ಗೆ ಯಾರಿಗಾದರೂ ಒಳ್ಳೆಯ ಸುದ್ದಿ ಗೊತ್ತಾದರೆ ಅವರು ಕೊಳ್ಳುತ್ತಾರೆ, ಬೆಲೆ ಏರುತ್ತದೆ. ಕೆಟ್ಟ ಸುದ್ದಿಯಾದರೆ ಮಾರುತ್ತಾರೆ, ಬೆಲೆ ಇಳಿಯುತ್ತದೆ. ಹೀಗೆ ಸುದ್ದಿ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಗೊತ್ತಿರುವ ಮಾಹಿತಿಯೆಲ್ಲ ಬೇಗನೆ, ಪೂರ್ತಿಯಾಗಿ ಬೆಲೆಯೊಳಗೆ ಸೇರಿಬಿಟ್ಟರೆ ಆ ಪೇಟೆಯನ್ನು ದಕ್ಷ ಪೇಟೆ ಎನ್ನುತ್ತಾರೆ.

ಆದರೆ ಯಾವ ಮಾಹಿತಿ? ಇಲ್ಲಿಂದ ಮೂರು ಮಟ್ಟಗಳು ಹುಟ್ಟುತ್ತವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಯೂಜೀನ್ ಫಾಮಾ 1970ರಲ್ಲಿ ಬರೆದ ಪ್ರಬಂಧದಿಂದ ಈ ವಿಂಗಡಣೆ ಎಲ್ಲ ಕಡೆ ಬಳಕೆಗೆ ಬಂತು. ಮೊದಲನೆಯದು ದುರ್ಬಲ ರೂಪ. ಇಲ್ಲಿ ಹಿಂದಿನ ಬೆಲೆಗಳಲ್ಲಿದ್ದ ಮಾಹಿತಿ ಮಾತ್ರ ಇಂದಿನ ಬೆಲೆಯಲ್ಲಿ ಸೇರಿದೆ ಎಂದು ಅರ್ಥ. ಇದು ನಿಜವಾಗಿದ್ದರೆ, ಸುಮ್ನೆ ಹಳೆಯ ಚಾರ್ಟ್ ನೋಡಿ ನಾಳೆಯ ಬೆಲೆ ಊಹಿಸಿ ಮತ್ತೆ ಮತ್ತೆ ಹೆಚ್ಚುವರಿ ಲಾಭ ಮಾಡಲು ಆಗುವುದಿಲ್ಲ.

ಎರಡನೆಯದು ಅರೆಪ್ರಬಲ ರೂಪ. ಹಳೆಯ ಬೆಲೆಗಳ ಜೊತೆಗೆ ಸಾರ್ವಜನಿಕವಾಗಿ ಸಿಗುವ ಎಲ್ಲ ಮಾಹಿತಿಯೂ ಬೆಲೆಯಲ್ಲಿ ಸೇರಿದೆ ಎನ್ನುತ್ತದೆ ಇದು. ಫಲಿತಾಂಶ, ವಾರ್ಷಿಕ ವರದಿ, ಡಿವಿಡೆಂಡ್ ಘೋಷಣೆ, ಪತ್ರಿಕೆಯ ಸುದ್ದಿ ಎಲ್ಲವೂ ಇದರಲ್ಲಿ ಬರುತ್ತವೆ. ಮೂರನೆಯದು ಪ್ರಬಲ ರೂಪ. ಕಂಪನಿಯ ಒಳಗಿನವರಿಗೆ ಮಾತ್ರ ಗೊತ್ತಿರುವ ಗುಟ್ಟು ಕೂಡ ಬೆಲೆಯಲ್ಲಿ ಆಗಲೇ ಸೇರಿದೆ ಎನ್ನುವ ಮಟ್ಟ ಅದು. ಇದನ್ನು ಅಕ್ಷರಶಃ ನಂಬುವವರು ಕಡಿಮೆ. ಒಳಗಿನ ಮಾಹಿತಿ ಇಟ್ಟುಕೊಂಡು ಹಣ ಮಾಡಬಹುದು ಎಂಬ ಕಾರಣಕ್ಕೇ ಸೆಬಿಯ ಇನ್‌ಸೈಡರ್ ಟ್ರೇಡಿಂಗ್ ನಿಯಮಗಳಿವೆ. ತ್ರೈಮಾಸಿಕ ಮುಗಿದ ದಿನದಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ, ಇಂಥ ಮಾಹಿತಿ ಕೈಗೆ ಸಿಗಬಹುದಾದ ಕಂಪನಿಯ ನೌಕರರು ಆ ಷೇರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಪ್ರಬಲ ರೂಪ ನಿಜವಾಗಿದ್ದರೆ ಈ ತಡೆಯೇ ಬೇಕಿರಲಿಲ್ಲ ಅಲ್ವಾ?

ಫಲಿತಾಂಶದ ದಿನ ಪರೀಕ್ಷೆಗೆ ಒಳಗಾಗುವುದು ಮುಖ್ಯವಾಗಿ ಎರಡನೆಯ ಮಟ್ಟ. ಸುದ್ದಿ ಎಲ್ಲರಿಗೂ ಏಕಕಾಲಕ್ಕೆ ತಿಳಿಯುತ್ತದೆ. ಅದು ಬೆಲೆಯೊಳಗೆ ಎಷ್ಟು ಬೇಗ ಸೇರಿತು, ಪೂರ್ತಿ ಸೇರಿತಾ, ಅರ್ಧ ಉಳಿದು ಆಮೇಲೆ ನಿಧಾನವಾಗಿ ಸೇರಿತಾ ಎಂಬುದನ್ನು ನೋಡಬೇಕು.

## ಸುದ್ದಿ ಅಂದರೆ ನಿರೀಕ್ಷೆಗಿಂತ ಬೇರೆಯಾದದ್ದು

ಲಾಭ ಏರಿದರೂ ಷೇರು ಬಿದ್ದಿದ್ದಕ್ಕೆ ಅರ್ಧ ಉತ್ತರ ಇಲ್ಲೇ ಇದೆ. ಲಾಭ ಏರುತ್ತದೆ ಎಂದು ಪೇಟೆ ಮೊದಲೇ ಅಂದಾಜು ಮಾಡಿತ್ತು. ಆ ಅಂದಾಜು ಗುರುವಾರದ 1,388 ರೂಪಾಯಿಯಲ್ಲಿ ಆಗಲೇ ಸೇರಿತ್ತು. ಬಂದ ಲಾಭ ವಿಶ್ಲೇಷಕರ ಅಂದಾಜಿಗಿಂತ ಕಡಿಮೆ ಇತ್ತು. ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರೆ ಲಾಭವೂ ಆದಾಯವೂ ಇಳಿದಿದ್ದವು.

ಇದಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಗೈಡೆನ್ಸ್. ಮುಂದಿನ ಹಣಕಾಸು ವರ್ಷದಲ್ಲಿ ಆದಾಯ ಎಷ್ಟು ಬೆಳೆಯಬಹುದು ಎಂದು ಕಂಪನಿಯೇ ಕೊಡುವ ಮುನ್ನಂದಾಜು ಅದು. ವಿನಿಮಯ ದರದ ಏರಿಳಿತ ತೆಗೆದು ಲೆಕ್ಕ ಹಾಕಿದರೆ ಆಗ ತಾನೇ ಮುಗಿದ ವರ್ಷದಲ್ಲಿ ಇನ್ಫೊಸಿಸ್ ಆದಾಯ ಶೇ 15.4ರಷ್ಟು ಬೆಳೆದಿತ್ತು. ಮುಂದಿನ ವರ್ಷಕ್ಕೆ ಕಂಪನಿ ಹೇಳಿದ್ದು ಶೇ 4ರಿಂದ 7. ಷೇರಿನ ಬೆಲೆ ನಿಂತಿರುವುದು ಮುಂದೆ ಬರುವ ಹಣದ ಮೇಲೆ. ಮುಗಿದ ಮೂರು ತಿಂಗಳ ಲಾಭ ಅದರಲ್ಲಿ ಒಂದು ಚಿಕ್ಕ ತುಂಡು, ಅಷ್ಟೆ.

ಹಾಗಾಗಿ "ಫಲಿತಾಂಶ ಒಳ್ಳೆಯದಾ ಕೆಟ್ಟದ್ದಾ" ಎಂಬ ಪ್ರಶ್ನೆಯಿಂದ ಈವೆಂಟ್ ಸ್ಟಡಿ ಶುರುವಾಗುವುದಿಲ್ಲ. ನಿರೀಕ್ಷೆ ಎಷ್ಟಿತ್ತು, ಬಂದದ್ದು ಎಷ್ಟು, ನಡುವಿನ ಅಂತರ ಎಷ್ಟು ಎಂಬುದೇ ಅದಕ್ಕೆ ಮುಖ್ಯ. ಲಾಭದಲ್ಲೂ ಹಾಗೆ, ಬೆಲೆಯಲ್ಲೂ ಹಾಗೆ.

## ಅಸಹಜ ರಿಟರ್ನ್ ಎಂದರೇನು?

ರಿಟರ್ನ್ ಅಂದರೆ ಬೆಲೆಯ ಶೇಕಡಾ ಬದಲಾವಣೆ. ಆ ಸೋಮವಾರ ಇನ್ಫೊಸಿಸ್ ರಿಟರ್ನ್ ಮೈನಸ್ 9.4. ಆದರೆ ಅಷ್ಟೂ ಫಲಿತಾಂಶದಿಂದಲೇ ಆಯಿತು ಎಂದು ಹೇಳಲು ಬರುವುದಿಲ್ಲ. ಅವತ್ತು ಪೇಟೆಯೇ ಒಟ್ಟಾರೆ ಬಿದ್ದಿದ್ದರೆ ಇನ್ಫೊಸಿಸ್ ಕೂಡ ಒಂದಿಷ್ಟು ಬೀಳುತ್ತಿತ್ತು. ಹರಿಯುವ ಹೊಳೆಯಲ್ಲಿ ಹರಿಗೋಲು ಎಷ್ಟು ದೂರ ಹೋಯಿತು ಎಂದು ಅಳೆದರೆ ಅದರಲ್ಲಿ ನೀರಿನ ಸೆಳೆತವೂ ಇರುತ್ತದೆ, ಹುಟ್ಟು ಹಾಕಿದವನ ಶ್ರಮವೂ ಇರುತ್ತದೆ. ಶ್ರಮ ಎಷ್ಟು ಎಂದು ತಿಳಿಯಲು ಸೆಳೆತವನ್ನು ಕಳೆಯಬೇಕು. ಹಾಗೆ ಕಳೆದು ಉಳಿದದ್ದೇ ಅಸಹಜ ರಿಟರ್ನ್.

ಸೆಳೆತವನ್ನು ಅಂದಾಜು ಮಾಡಲು ಹೆಚ್ಚಾಗಿ ಬಳಸುವುದು ಮಾರ್ಕೆಟ್ ಮಾಡೆಲ್. ಅದರ ಸೂತ್ರ ಹೀಗಿದೆ:

```
AR = R − (α + β × Rm)
```

ಇಲ್ಲಿ `R` ಷೇರಿನ ಅಂದಿನ ರಿಟರ್ನ್. `Rm` ಪೇಟೆಯ ಅಂದಿನ ರಿಟರ್ನ್, ನಮ್ಮಲ್ಲಿ ನಿಫ್ಟಿ 50 ಸೂಚ್ಯಂಕದ ಬದಲಾವಣೆ ಎಂದಿಟ್ಟುಕೊಳ್ಳಿ. `β` ಅಂದರೆ ಬೀಟಾ. ನಿಫ್ಟಿ ಶೇ 1ರಷ್ಟು ಅಲುಗಿದರೆ ಈ ಷೇರು ಸಾಮಾನ್ಯವಾಗಿ ಎಷ್ಟು ಅಲುಗುತ್ತದೆ ಎಂಬ ಅಳತೆ ಅದು. `α` ಪೇಟೆ ಅಲುಗದ ದಿನವೂ ಷೇರು ಸರಾಸರಿ ಎಷ್ಟು ಏರುತ್ತದೆ ಎಂಬುದು. ಒಂದು ದಿನದ ಲೆಕ್ಕದಲ್ಲಿ ಅದು ಸೊನ್ನೆಗೆ ತೀರಾ ಹತ್ತಿರ. ಆವರಣದೊಳಗಿನದ್ದು ಸಹಜ ರಿಟರ್ನ್, ಅಂದರೆ ಫಲಿತಾಂಶ ಬರದೇ ಇದ್ದಿದ್ದರೆ ಷೇರು ಏನು ಮಾಡುತ್ತಿತ್ತು ಎಂಬ ಅಂದಾಜು. `AR` ಅಸಹಜ ರಿಟರ್ನ್.

ಬೀಟಾ ಸಿಗುವುದು ಹಳೆಯ ದಿನಗಳ ಬೆಲೆಗಳಿಂದ. ಫಲಿತಾಂಶಕ್ಕೆ ಮುಂಚಿನ 120 ಅಥವಾ 250 ವಹಿವಾಟು ದಿನಗಳನ್ನು ತೆಗೆದುಕೊಂಡು, ಷೇರಿನ ರಿಟರ್ನ್ ಮತ್ತು ನಿಫ್ಟಿ ರಿಟರ್ನ್ ನಡುವೆ ಒಂದು ಸರಳ ರೇಖೆ ಹೊಂದಿಸುತ್ತಾರೆ. ಈ ಅವಧಿಯನ್ನು ಫಲಿತಾಂಶದ ದಿನಕ್ಕೆ ಒಂದೆರಡು ವಾರ ಮೊದಲೇ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ನಾವು ಅಳೆಯಬೇಕಾದ ಅಸಹಜತೆಯೇ ಸಹಜದ ಅಂದಾಜಿನೊಳಗೆ ಕಲೆತುಹೋಗುತ್ತದೆ.

## ಸೊನ್ನೆಯ ದಿನ ಯಾವುದು?

ಲೆಕ್ಕ ಹಾಕುವ ಮೊದಲು ಒಂದು ನಿರ್ಧಾರ ಮಾಡಬೇಕು. ಈವೆಂಟ್ ಸ್ಟಡಿಯಲ್ಲಿ ಸುದ್ದಿಯ ದಿನವನ್ನು ಸೊನ್ನೆ ಎನ್ನುತ್ತಾರೆ. ಹಿಂದಿನ ದಿನ ಮೈನಸ್ 1, ಮುಂದಿನ ದಿನ ಪ್ಲಸ್ 1. ಫಲಿತಾಂಶ ಪ್ರಕಟವಾದದ್ದು ಏಪ್ರಿಲ್ 13 ಎಂದು ಕಂಪನಿಯ ದಾಖಲೆಯಲ್ಲಿದೆ. ಆ ತಾರೀಕನ್ನೇ ಕಣ್ಣುಮುಚ್ಚಿ ಸೊನ್ನೆ ಎಂದು ಹಾಕಿದರೆ ಇಡೀ ಲೆಕ್ಕ ಹಾಳು. ಸುದ್ದಿ ಬಂದಾಗ ಪೇಟೆ ಮುಚ್ಚಿತ್ತು. ಭಾರತದ ಹೂಡಿಕೆದಾರರಿಗೆ ಪ್ರತಿಕ್ರಿಯಿಸಲು ಸಿಕ್ಕ ಮೊದಲ ವಹಿವಾಟು ದಿನ 17. ಹಾಗಾಗಿ ಸೊನ್ನೆಯ ದಿನ 17, ಮೈನಸ್ 1 ದಿನ 13.

ಈ ಪ್ರಕರಣದಲ್ಲಿ ಇನ್ನೊಂದು ವಿಶೇಷ ಇದೆ. ಇನ್ಫೊಸಿಸ್ ಷೇರಿನ ಅಮೆರಿಕನ್ ರೂಪವಾದ ಎಡಿಆರ್ ನ್ಯೂಯಾರ್ಕ್ ಪೇಟೆಯಲ್ಲಿ ವಹಿವಾಟಾಗುತ್ತದೆ. ಭಾರತದಲ್ಲಿ ಸಂಜೆಯಾದಾಗ ಅಲ್ಲಿ ಬೆಳಗ್ಗೆ. ಗುರುವಾರವೇ ಅಲ್ಲಿ ಅದು ಕುಸಿದಿತ್ತು. ಮುಂಬೈ ರಜೆಯಲ್ಲಿದ್ದಾಗ ಬೆಲೆ ಬೇರೊಂದು ಊರಿನಲ್ಲಿ ಆಗಲೇ ಸುದ್ದಿಯನ್ನು ಜೀರ್ಣಿಸಿಕೊಳ್ಳುತ್ತಿತ್ತು. ಸೋಮವಾರ ಬೆಳಗ್ಗೆ ಇಲ್ಲಿ ಷೇರು ಮೆಲ್ಲಗೆ ಇಳಿಯದೆ, ತೆರೆಯುತ್ತಿದ್ದಂತೆಯೇ ದೊಡ್ಡ ಅಂತರದಲ್ಲಿ ಕೆಳಗೆ ಶುರುವಾದದ್ದರಲ್ಲಿ ಆಶ್ಚರ್ಯ ಇಲ್ಲ. ಅರೆಪ್ರಬಲ ದಕ್ಷತೆ ಇದ್ದರೆ ಹೀಗೇ ಆಗಬೇಕು.

## ಕಳೆಯುವ ಲೆಕ್ಕ

ಆ ಸೋಮವಾರ ನಿಫ್ಟಿ 17,828ರಿಂದ 17,707ಕ್ಕೆ ಇಳಿಯಿತು, ಅಂದರೆ ಮೈನಸ್ 0.68. ಬೀಟಾ 1 ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ, α ಸೊನ್ನೆ.

```
AR = −9.4 − (0 + 1 × −0.68) = −8.72
```

ಶೇ 9.4ರ ಇಳಿಕೆಯಲ್ಲಿ ಶೇ 8.7ರಷ್ಟು ಅಸಹಜ. ಬೀಟಾ ತಪ್ಪಾಗಿದ್ದರೆ? 0.8 ಹಾಕಿ ನೋಡಿ, ಮೈನಸ್ 8.86 ಬರುತ್ತದೆ. 1.2 ಹಾಕಿದರೆ ಮೈನಸ್ 8.58. ವ್ಯತ್ಯಾಸ ಶೇ 0.3ಕ್ಕಿಂತ ಕಡಿಮೆ. ಒಂದು ದಿನದ ಲೆಕ್ಕದಲ್ಲಿ ಬೀಟಾ ಸ್ವಲ್ಪ ಆಚೀಚೆ ಆದರೂ ಏನೂ ಕೆಡುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ. ಮೂರು ತಿಂಗಳ ಲೆಕ್ಕಕ್ಕೆ ಹೋದಾಗ ಕಥೆ ಬೇರೆಯಾಗುತ್ತದೆ.

ಇಲ್ಲಿ ಅನೇಕರು ಗಮನಿಸದ ಒಂದು ತೊಡಕಿದೆ. ನಿಫ್ಟಿಯೊಳಗೆ ಇನ್ಫೊಸಿಸ್ ಕೂಡ ಇದೆ. ಆಗ ಅದರ ತೂಕ ಸುಮಾರು ಶೇ 6ರಿಂದ 7. ಶೇ 6.5 ಎಂದು ಹಿಡಿದರೆ, ಇನ್ಫೊಸಿಸ್ ಒಂದೇ ನಿಫ್ಟಿಯನ್ನು ಸುಮಾರು ಶೇ 0.61ರಷ್ಟು ಕೆಳಗೆ ಎಳೆದಿದೆ. ನಿಫ್ಟಿ ಬಿದ್ದದ್ದೇ 0.68. ಅಂದರೆ ಉಳಿದ 49 ಷೇರುಗಳು ಒಟ್ಟಾಗಿ ಹೆಚ್ಚುಕಡಿಮೆ ಅಲುಗಲೇ ಇಲ್ಲ. "ಪೇಟೆ ಬಿದ್ದಿತ್ತು, ಅದಕ್ಕೆ ಇನ್ಫೊಸಿಸ್ ಕೂಡ ಸ್ವಲ್ಪ ಬಿತ್ತು" ಎಂದು ನಾವು ಕಳೆದ ಭಾಗ ಬಹುತೇಕ ಇನ್ಫೊಸಿಸ್‌ನದ್ದೇ ನೆರಳು. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಅಸಹಜ ರಿಟರ್ನ್ ಮೈನಸ್ 9.3ರ ಹತ್ತಿರ ಹೋಗುತ್ತದೆ. ಸಣ್ಣ ಕಂಪನಿಗಳಲ್ಲಿ ಈ ಸಮಸ್ಯೆ ಇಲ್ಲ. ಸೂಚ್ಯಂಕದಲ್ಲಿ ದೊಡ್ಡ ಪಾಲಿರುವ ಕಂಪನಿಗಳಲ್ಲಿ ಮಾತ್ರ ಇದನ್ನು ನೋಡಿಕೊಳ್ಳಬೇಕು.

ಇನ್ನು ಕೆಲವರು ಐಟಿ ಕಂಪನಿಯನ್ನು ಐಟಿ ಕಂಪನಿಗಳ ಜೊತೆಗೇ ಹೋಲಿಸಬೇಕು ಎನ್ನುತ್ತಾರೆ. ನಿಫ್ಟಿ ಐಟಿ ಸೂಚ್ಯಂಕ ಅಂದು ಶೇ 4.7ರಷ್ಟು ಬಿದ್ದಿತ್ತು. ಅದನ್ನು ಕಳೆದರೆ ಉಳಿಯುವುದು ಮೈನಸ್ 4.7 ಮಾತ್ರ, ಮೊದಲಿನ ಅಂಕಿಯ ಅರ್ಧ! ಆದರೆ ಈ ಸೂಚ್ಯಂಕದಲ್ಲಿ ಇನ್ಫೊಸಿಸ್ ಪಾಲು ಕಾಲು ಭಾಗದಷ್ಟು. ಅದನ್ನು ತೆಗೆದರೆ ಉಳಿದ ಐಟಿ ಷೇರುಗಳು ಸರಾಸರಿ ಶೇ 3ರಷ್ಟು ಬಿದ್ದಿವೆ ಎಂದು ಬರುತ್ತದೆ. ಆ ಶೇ 3 ಎಲ್ಲಿಂದ ಬಂತು? ಅಮೆರಿಕದ ಗ್ರಾಹಕರು ಖರ್ಚು ಕಡಿಮೆ ಮಾಡುತ್ತಿದ್ದಾರೆ ಎಂಬುದು ಇನ್ಫೊಸಿಸ್ ಗೈಡೆನ್ಸ್‌ನಿಂದ ಗೊತ್ತಾದ ಮೇಲೆ ಅದೇ ಗ್ರಾಹಕರನ್ನು ನಂಬಿರುವ ಬೇರೆ ಕಂಪನಿಗಳ ಷೇರೂ ಬೀಳುವುದು ಸಹಜ. ಹಾಗಾದರೆ ಆ ಶೇ 3 ಕೂಡ ಇದೇ ಸುದ್ದಿಯ ಪರಿಣಾಮ. ಅದನ್ನು ಕಳೆದುಬಿಟ್ಟರೆ ಸುದ್ದಿಯ ಒಂದು ಭಾಗವನ್ನೇ ಕಳೆದಂತೆ.

ಎರಡರಲ್ಲಿ ಯಾವುದು ಸರಿ? ಪ್ರಶ್ನೆ ಯಾವುದು ಎಂಬುದರ ಮೇಲೆ ಅದು ನಿಂತಿದೆ. ಸುದ್ದಿಯ ಒಟ್ಟು ಪರಿಣಾಮ ಬೇಕಾದರೆ ನಿಫ್ಟಿಯನ್ನು ಕಳೆಯಬೇಕು. ಬೇರೆ ಐಟಿ ಕಂಪನಿಗಳಿಗಿಂತ ಇನ್ಫೊಸಿಸ್‌ಗೆ ಪ್ರತ್ಯೇಕವಾಗಿ ಎಷ್ಟು ಪೆಟ್ಟಾಯಿತು ಎಂದು ಬೇಕಾದರೆ ಐಟಿ ಷೇರುಗಳನ್ನು ಕಳೆಯಬೇಕು. ಯಾವುದನ್ನು ಕಳೆದಿದ್ದಾರೆ ಎಂದು ಹೇಳದೆ ಬರೀ ಅಸಹಜ ರಿಟರ್ನ್ ಅಂಕಿ ಕೊಡುವ ವರದಿಯನ್ನು ನಾನು ನೆಚ್ಚುವುದಿಲ್ಲ.

## ದೊಡ್ಡದಾ, ಮಾಮೂಲಿಯಾ?

ಷೇರುಗಳು ಸುದ್ದಿ ಇಲ್ಲದ ದಿನವೂ ಅಲುಗುತ್ತವೆ. ಹಾಗಾಗಿ ಅಸಹಜ ರಿಟರ್ನ್ ಸಿಕ್ಕ ಕೂಡಲೇ ಅದು ಮಾಮೂಲಿ ಅಲುಗಾಟಕ್ಕಿಂತ ದೊಡ್ಡದಾ ಎಂದು ನೋಡಬೇಕು. ಬೀಟಾ ಅಂದಾಜು ಮಾಡಿದ ಹಳೆಯ ದಿನಗಳಲ್ಲಿ ಪ್ರತಿದಿನದ ಅಸಹಜ ರಿಟರ್ನ್ ಎಷ್ಟು ಚದುರಿತ್ತು ಎಂದು ಲೆಕ್ಕ ಹಾಕುತ್ತಾರೆ. ಉದಾಹರಣೆಗೆ ಆ ಚದುರುವಿಕೆ ಶೇ 1.4 ಎಂದಿಟ್ಟುಕೊಳ್ಳಿ. 8.7ನ್ನು 1.4ರಿಂದ ಭಾಗಿಸಿದರೆ 6.2. ಈ ಅಂಕಿ 2 ದಾಟಿದರೇ ಸಾಮಾನ್ಯವಾಗಿ "ಇದು ಆಕಸ್ಮಿಕ ಅಲ್ಲ" ಎನ್ನುತ್ತಾರೆ. 6 ಅಂದರೆ ಅನುಮಾನಕ್ಕೆ ಜಾಗವೇ ಇಲ್ಲ.

ಇಲ್ಲೂ ಒಂದು ಎಚ್ಚರ ಬೇಕು. ಹಿಂದಿನ 120 ದಿನ ತೆಗೆದುಕೊಂಡರೆ ಅದರೊಳಗೆ ಜನವರಿಯ ಫಲಿತಾಂಶದ ದಿನವೂ ಸೇರಿರುತ್ತದೆ. ಆ ದಿನಗಳಲ್ಲೂ ಷೇರು ಜೋರಾಗಿ ಅಲುಗಿದ್ದರೆ ಮಾಮೂಲಿ ಚದುರುವಿಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅಂಥ ದಿನಗಳನ್ನು ತೆಗೆದುಹಾಕಿ ಲೆಕ್ಕ ಮಾಡುವುದು ಒಳ್ಳೆಯದು.

## ಹಿಂದಿನ ದಿನದ ಇಳಿಕೆ: ಸೋರಿಕೆಯಾ?

ಗುರುವಾರ, ಅಂದರೆ ಮೈನಸ್ 1 ದಿನ, ಫಲಿತಾಂಶ ಬರುವ ಮೊದಲೇ ಇನ್ಫೊಸಿಸ್ ಸುಮಾರು ಶೇ 2.8ರಷ್ಟು ಬಿದ್ದಿತ್ತು. ನಿಫ್ಟಿ ಅಂದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಹಾಗಾಗಿ ಅಷ್ಟೂ ಅಸಹಜ. ಎರಡು ದಿನದ ಅಸಹಜ ರಿಟರ್ನ್ ಕೂಡಿಸಿದರೆ ಮೈನಸ್ 11.5. ಹೀಗೆ ದಿನ ದಿನದ ಅಂಕಿಗಳನ್ನು ಕೂಡಿಸುತ್ತಾ ಹೋಗುವುದಕ್ಕೆ ಸಂಚಿತ ಅಸಹಜ ರಿಟರ್ನ್ ಎನ್ನುತ್ತಾರೆ. ಈವೆಂಟ್ ಸ್ಟಡಿಯ ಗ್ರಾಫ್‌ಗಳಲ್ಲಿ ಕಾಣುವ ರೇಖೆ ಅದೇ.

ಸುದ್ದಿಗೆ ಮುಂಚೆಯೇ ರೇಖೆ ಕೆಳಗಿಳಿದರೆ ಥಟ್ಟನೆ ಹೊಳೆಯುವುದು ಸೋರಿಕೆ. ಒಳಗಿನವರು ಯಾರೋ ಮೊದಲೇ ಮಾರಿದರಾ? ಆದರೆ ಹಿಂದಿನ ಸಂಜೆ, ಏಪ್ರಿಲ್ 12ರಂದು, ಟಿಸಿಎಸ್ ಫಲಿತಾಂಶ ಬಂದಿತ್ತು, ಅದು ಹೂಡಿಕೆದಾರರಿಗೆ ಸಮಾಧಾನ ತಂದಿರಲಿಲ್ಲ. ಗುರುವಾರ ಹೆಚ್ಚಿನ ಐಟಿ ಷೇರುಗಳು ಇಳಿದವು. ಟಿಸಿಎಸ್ ನೋಡಿ ಪೇಟೆ ಇನ್ಫೊಸಿಸ್ ಬಗ್ಗೆಯೂ ಅಂದಾಜು ತಗ್ಗಿಸಿಕೊಂಡಿತು ಎಂಬ ವಿವರಣೆ ಸಾಕಾಗುತ್ತದೆ. ಎಲ್ಲರಿಗೂ ಗೊತ್ತಿದ್ದ ಸುದ್ದಿಯೇ ಇಲ್ಲಿ ಕೆಲಸ ಮಾಡಿದೆ, ಗುಟ್ಟು ಬೇಕಿಲ್ಲ.

ಇದು ಅಪರೂಪದ ಸಂಗತಿಯೂ ಅಲ್ಲ. 1968ರಲ್ಲಿ ಆಸ್ಟ್ರೇಲಿಯಾದ ರೇ ಬಾಲ್ ಮತ್ತು ಫಿಲಿಪ್ ಬ್ರೌನ್ ನ್ಯೂಯಾರ್ಕ್ ಪೇಟೆಯ 261 ಕಂಪನಿಗಳ ವಾರ್ಷಿಕ ಲಾಭದ ಅಂಕಿಗಳನ್ನು ತೆಗೆದುಕೊಂಡು ಇದೇ ಬಗೆಯ ಲೆಕ್ಕ ಮಾಡಿದರು. ನಿರೀಕ್ಷೆಗಿಂತ ಜಾಸ್ತಿ ಲಾಭ ಬಂದ ಕಂಪನಿಗಳನ್ನು ಒಂದು ಕಡೆ, ಕಡಿಮೆ ಬಂದವನ್ನು ಇನ್ನೊಂದು ಕಡೆ ಇಟ್ಟು ವರ್ಷವಿಡೀ ಬೆಲೆ ಹೇಗೆ ಸಾಗಿತು ಎಂದು ನೋಡಿದರು. ವಾರ್ಷಿಕ ವರದಿ ಕೈಗೆ ಬರುವ ಹೊತ್ತಿಗೆ ಅದರಲ್ಲಿದ್ದ ಸುದ್ದಿಯ ಬಹುಪಾಲು ಬೆಲೆಯೊಳಗೆ ಸೇರಿಯಾಗಿತ್ತು. ತ್ರೈಮಾಸಿಕ ವರದಿಗಳು, ಬೇರೆ ಕಂಪನಿಗಳ ಸುದ್ದಿ, ಪತ್ರಿಕೆಗಳು, ಎಲ್ಲವೂ ಸೇರಿ ಪೇಟೆಗೆ ಮೊದಲೇ ಸುಳಿವು ಕೊಟ್ಟಿದ್ದವು.

ಹಾಗೆಂದು ಮೈನಸ್ 11.5 ಎಂಬ ಅಂಕಿಯನ್ನು ಇನ್ಫೊಸಿಸ್ ಫಲಿತಾಂಶದ ಪರಿಣಾಮ ಎಂದು ಬರೆಯಬಾರದು. ಅದರಲ್ಲಿ ಟಿಸಿಎಸ್ ಸುದ್ದಿಯ ಪಾಲಿದೆ. ಲೆಕ್ಕಕ್ಕೆ ತೆಗೆದುಕೊಳ್ಳುವ ದಿನಗಳ ಕಿಟಕಿಯನ್ನು ಅಗಲ ಮಾಡಿದಷ್ಟೂ ಬೇರೆಯವರ ಸುದ್ದಿ ಒಳಗೆ ಬರುತ್ತದೆ. ಕಿರಿದು ಮಾಡಿದರೆ ಸೋರಿಕೆಯೋ ತಡವಾದ ಪ್ರತಿಕ್ರಿಯೆಯೋ ತಪ್ಪಿಹೋಗಬಹುದು. ಅದಕ್ಕೇ ಸಾಮಾನ್ಯವಾಗಿ ಮೈನಸ್ 1ರಿಂದ ಪ್ಲಸ್ 1ರವರೆಗಿನ ಮೂರು ದಿನ ತೆಗೆದುಕೊಂಡು, ಪ್ರತಿ ದಿನದ ಅಂಕಿಯನ್ನೂ ಬೇರೆಯಾಗಿ ತೋರಿಸುತ್ತಾರೆ.

ಸೊನ್ನೆಯ ದಿನದೊಳಗೂ ಬೆರಕೆ ಇದೆ. ಅದೇ ಸಂಜೆ ಲಾಭದ ಅಂಕಿ, ಗೈಡೆನ್ಸ್ ಮತ್ತು ಷೇರಿಗೆ 17.50 ರೂಪಾಯಿ ಅಂತಿಮ ಡಿವಿಡೆಂಡ್, ಮೂರೂ ಒಟ್ಟಿಗೆ ಬಂದವು. ಮೈನಸ್ 8.7ರಲ್ಲಿ ಯಾವುದರ ಪಾಲು ಎಷ್ಟು ಎಂದು ಬೆಲೆ ಹೇಳುವುದಿಲ್ಲ. ಗೈಡೆನ್ಸ್‌ನ ಪೆಟ್ಟೇ ದೊಡ್ಡದು ಎಂದು ಮೇಲೆ ಹೇಳಿದೆನಲ್ಲ, ಅದು ಸಮಂಜಸವಾದ ತೀರ್ಮಾನ. ಆದರೆ ಈ ಲೆಕ್ಕದಿಂದ ಸಿದ್ಧವಾದದ್ದಲ್ಲ.

## ಸುದ್ದಿಯ ನಂತರದ ರೇಖೆ

ದಕ್ಷತೆಯ ನಿಜವಾದ ಪರೀಕ್ಷೆ ಸೊನ್ನೆಯ ದಿನದ ನಂತರ ನಡೆಯುತ್ತದೆ. ಪೇಟೆ ಅರೆಪ್ರಬಲ ದಕ್ಷವಾಗಿದ್ದರೆ ರೇಖೆ ಒಮ್ಮೆಗೇ ಇಳಿದು ಆಮೇಲೆ ಸಮತಟ್ಟಾಗಿ ಸಾಗಬೇಕು. ಇಳಿದ ಮೇಲೂ ದಿನ ದಿನಕ್ಕೆ ಇಳಿಯುತ್ತಲೇ ಹೋದರೆ ಮೊದಲ ದಿನದ ಪ್ರತಿಕ್ರಿಯೆ ಸಾಲದಾಗಿತ್ತು ಎಂದು ಅರ್ಥ. ಇಳಿದದ್ದು ಮತ್ತೆ ಮೇಲೆ ಬಂದರೆ ಪೇಟೆ ಅತಿಯಾಗಿ ಬೆಚ್ಚಿಬಿದ್ದಿತ್ತು ಎಂದು ಅರ್ಥ. ಮೊದಲ ದಿನದ ಇಳಿಕೆ ಎಷ್ಟೇ ದೊಡ್ಡದಿರಲಿ, ಅದೊಂದೇ ಅದಕ್ಷತೆಗೆ ಸಾಕ್ಷಿಯಲ್ಲ. ಸುದ್ದಿ ದೊಡ್ಡದಿತ್ತು ಎಂದಷ್ಟೇ ಅದು ಹೇಳುತ್ತದೆ.

ಈಗ ಇನ್ಫೊಸಿಸ್ ನೋಡಿ. ಏಪ್ರಿಲ್ 17ರ ಸುಮಾರು 1,258 ರೂಪಾಯಿಯಿಂದ ಜುಲೈ 20ರ ಹೊತ್ತಿಗೆ ಷೇರು ಸುಮಾರು 1,450ಕ್ಕೆ ಏರಿತ್ತು. ಶೇ 15ರಷ್ಟು ಏರಿಕೆ. ಹಾಗಾದರೆ ಏಪ್ರಿಲ್‌ನ ಇಳಿಕೆ ಅತಿಯಾಯಿತಾ? ಹೊಳೆಯ ಸೆಳೆತ ಕಳೆಯಿರಿ. ಇದೇ ಅವಧಿಯಲ್ಲಿ ನಿಫ್ಟಿ 17,707ರಿಂದ 19,979ಕ್ಕೆ ಹೋಯಿತು, ಅಂದರೆ ಶೇ 12.8ರಷ್ಟು ಏರಿಕೆ. ಬೀಟಾ 1 ಆದರೆ ಅಸಹಜ ರಿಟರ್ನ್ ಶೇ 2ರ ಆಸುಪಾಸು. ಬೀಟಾ 1.2 ಆದರೆ ಸಹಜ ರಿಟರ್ನ್ ಶೇ 15.4, ಅಸಹಜ ಏನೂ ಉಳಿಯುವುದಿಲ್ಲ. ಬೀಟಾ 0.8 ಆದರೆ ಪ್ಲಸ್ 5. ನಡುವೆ ಬಂದ ಡಿವಿಡೆಂಡ್ ಸೇರಿಸಿದರೆ ಅಂಕಿ ಇನ್ನಷ್ಟು ಜರುಗುತ್ತದೆ.

ಒಂದು ದಿನದಲ್ಲಿ ಶೇ 0.3ರಷ್ಟೂ ವ್ಯತ್ಯಾಸ ಮಾಡದ ಬೀಟಾ, ಮೂರು ತಿಂಗಳಲ್ಲಿ ಉತ್ತರವನ್ನೇ ಬದಲಿಸಿಬಿಟ್ಟಿತು. "ಪೇಟೆ ಸರಿಯಾಗಿ ಪ್ರತಿಕ್ರಿಯಿಸಿತು" ಎನ್ನುವುದೂ "ಅತಿಯಾಗಿ ಪ್ರತಿಕ್ರಿಯಿಸಿತು" ಎನ್ನುವುದೂ ಯಾವ ಬೀಟಾ ಹಾಕಿದೆವು ಎಂಬುದರ ಮೇಲೆ ನಿಂತಿತು. ಇದನ್ನು ಜೋಡಿ ಪರೀಕ್ಷೆಯ ಸಮಸ್ಯೆ ಎನ್ನುತ್ತಾರೆ. ಪೇಟೆ ದಕ್ಷವಾ ಎಂದು ಪರೀಕ್ಷಿಸುವಾಗ, ಸಹಜ ರಿಟರ್ನ್ ಬಗೆಗಿನ ನಮ್ಮ ಸೂತ್ರ ಸರಿಯಾ ಎಂಬುದನ್ನೂ ಜೊತೆಗೇ ಪರೀಕ್ಷಿಸುತ್ತಿರುತ್ತೇವೆ. ಫಲಿತಾಂಶ ವಿಚಿತ್ರವಾಗಿ ಬಂದರೆ ತಪ್ಪು ಪೇಟೆಯದ್ದೋ ಸೂತ್ರದ್ದೋ ಹೇಳುವುದು ಕಷ್ಟ. ಫಾಮಾ ಸ್ವತಃ ಇದನ್ನು ಒತ್ತಿ ಹೇಳಿದ್ದಾರೆ. ಅದಕ್ಕೇ ಕೆಲವೇ ದಿನಗಳ ಈವೆಂಟ್ ಸ್ಟಡಿಗೆ ಇರುವ ಬಲ ತಿಂಗಳುಗಟ್ಟಲೆ ಎಳೆದದ್ದಕ್ಕೆ ಇರುವುದಿಲ್ಲ.

ಹೀಗಿದ್ದರೂ ಒಂದು ವಿಷಯ ಸಂಶೋಧಕರನ್ನು ದಶಕಗಳಿಂದ ಬಿಡದೆ ಕಾಡಿದೆ. ಬಾಲ್ ಮತ್ತು ಬ್ರೌನ್ ಗ್ರಾಫ್‌ನಲ್ಲೇ ಲಾಭ ಪ್ರಕಟವಾದ ಮೇಲೂ ರೇಖೆ ಸ್ವಲ್ಪ ಕಾಲ ಅದೇ ದಿಕ್ಕಿನಲ್ಲಿ ಸರಿಯುತ್ತಿತ್ತು. 1989 ಮತ್ತು 1990ರಲ್ಲಿ ವಿಕ್ಟರ್ ಬರ್ನಾರ್ಡ್ ಮತ್ತು ಜೇಕಬ್ ಥಾಮಸ್ ಇದನ್ನು ಹತ್ತಿರದಿಂದ ನೋಡಿದರು. ಅಮೆರಿಕದ ಕಂಪನಿಗಳಲ್ಲಿ, ನಿರೀಕ್ಷೆ ಮೀರಿದವು ಮುಂದಿನ ಸುಮಾರು 60 ವಹಿವಾಟು ದಿನ ಮೇಲಕ್ಕೂ, ನಿರೀಕ್ಷೆ ಮುಟ್ಟದವು ಕೆಳಕ್ಕೂ ಸರಿಯುತ್ತಿದ್ದವು. ಆ ಸರಿತದ ದೊಡ್ಡ ಪಾಲು ಮುಂದಿನ ತ್ರೈಮಾಸಿಕದ ಫಲಿತಾಂಶದ ಆಸುಪಾಸಿನ ದಿನಗಳಲ್ಲೇ ಆಗುತ್ತಿತ್ತು. ಇದು ಬರೀ ಬೀಟಾದ ತಪ್ಪಾಗಿದ್ದರೆ ಆ ಎರಡು ಮೂರು ದಿನಕ್ಕೇ ಬಂದು ಕೂರಲು ಕಾರಣ ಇರಲಿಲ್ಲ. ಈ ತ್ರೈಮಾಸಿಕದ ಅಚ್ಚರಿ ಮುಂದಿನದರಲ್ಲೂ ಒಂದಿಷ್ಟು ಮುಂದುವರಿಯುತ್ತದೆ ಎಂಬುದನ್ನು ಹೂಡಿಕೆದಾರರು ಪೂರ್ತಿ ಗಣನೆಗೆ ತೆಗೆದುಕೊಳ್ಳುತ್ತಿಲ್ಲ ಎಂಬ ವಿವರಣೆ ಇದಕ್ಕೆ ಹೊಂದುತ್ತದೆ. ಅರೆಪ್ರಬಲ ದಕ್ಷತೆಯ ವಿರುದ್ಧ ಸಿಕ್ಕ ಗಟ್ಟಿ ಸಾಕ್ಷ್ಯಗಳಲ್ಲಿ ಇದೊಂದು.

## ಒಂದು ಕಂಪನಿಯಿಂದ ಏನು ಹೇಳಬಹುದು?

2023ರ ಜುಲೈ 20ರ ಸಂಜೆ ಇನ್ಫೊಸಿಸ್ ತನ್ನ ಗೈಡೆನ್ಸ್ ಅನ್ನು ಶೇ 1ರಿಂದ 3.5ಕ್ಕೆ ಇಳಿಸಿತು. ಮರುದಿನ ಷೇರು ಸುಮಾರು ಶೇ 8ರಷ್ಟು ಬಿತ್ತು. ಏಪ್ರಿಲ್‌ನಲ್ಲಿ ಕೆಟ್ಟ ಸುದ್ದಿ, ಜುಲೈನಲ್ಲಿ ಮತ್ತೆ ಕೆಟ್ಟ ಸುದ್ದಿ. ಬರ್ನಾರ್ಡ್ ಮತ್ತು ಥಾಮಸ್ ಕಂಡದ್ದೇ ಇದು ಎಂದು ಹೇಳಿಬಿಡುವ ಆಸೆ ಆಗುತ್ತದೆ. ಆದರೆ ಇದು ಒಂದೇ ಕಂಪನಿ. ಗೈಡೆನ್ಸ್ ಮತ್ತೆ ಇಳಿಯುತ್ತದೆ ಎಂದು ಏಪ್ರಿಲ್‌ನಲ್ಲೇ ಊಹಿಸಬಹುದಿತ್ತಾ, ಅಥವಾ ಅದು ನಿಜಕ್ಕೂ ಹೊಸ ಸುದ್ದಿಯಾ ಎಂದು ಒಂದು ಪ್ರಕರಣದಿಂದ ಬೇರ್ಪಡಿಸಲು ಆಗುವುದಿಲ್ಲ.

ಅದಕ್ಕೆ ನೂರಾರು ಫಲಿತಾಂಶಗಳನ್ನು ತೆಗೆದುಕೊಂಡು, ಎಲ್ಲವನ್ನೂ ಸೊನ್ನೆಯ ದಿನಕ್ಕೆ ಹೊಂದಿಸಿ ಸರಾಸರಿ ತೆಗೆಯುತ್ತಾರೆ. ಒಂದು ಕಂಪನಿಗೆ ಅಂದು ಬಂದ ಬೇರೆ ಸುದ್ದಿ ಮೇಲಕ್ಕೆ ಎಳೆದರೆ ಇನ್ನೊಂದಕ್ಕೆ ಬಂದದ್ದು ಕೆಳಕ್ಕೆ ಎಳೆಯುತ್ತದೆ. ಸರಾಸರಿಯಲ್ಲಿ ಅವು ಒಂದನ್ನೊಂದು ಅಳಿಸಿಹಾಕಿ ಫಲಿತಾಂಶದ ಪರಿಣಾಮ ಮಾತ್ರ ಉಳಿಯುತ್ತದೆ ಎಂಬುದು ಇದರ ತರ್ಕ.

ಆದರೆ ಭಾರತದ ಐಟಿ ಕಂಪನಿಗಳಲ್ಲಿ ಈ ತರ್ಕಕ್ಕೆ ತೊಂದರೆ ಇದೆ. ಟಿಸಿಎಸ್, ಇನ್ಫೊಸಿಸ್, ಎಚ್‌ಸಿಎಲ್, ವಿಪ್ರೊ ಎಲ್ಲವೂ ಎರಡು ಮೂರು ವಾರದೊಳಗೆ ಒಂದರ ಹಿಂದೆ ಒಂದು ಫಲಿತಾಂಶ ಕೊಡುತ್ತವೆ. ಒಂದರ ಸುದ್ದಿ ಇನ್ನೊಂದರ ಬೆಲೆಯನ್ನು ಅಲುಗಿಸುತ್ತದೆ, ಏಪ್ರಿಲ್ 13ರಂದು ಕಂಡ ಹಾಗೆ. ಅವು ಒಂದೇ ದಿಕ್ಕಿಗೆ ಅಲುಗುವಾಗ ಸರಾಸರಿಯಲ್ಲಿ ಅಳಿಸಿಹೋಗುವುದಿಲ್ಲ. ಹತ್ತು ಕಂಪನಿಗಳ ಹತ್ತು ಸ್ವತಂತ್ರ ಸಾಕ್ಷಿಗಳಿವೆ ಎಂದು ಲೆಕ್ಕ ಹಾಕಿದರೆ, ನಿಜದಲ್ಲಿ ಇರುವುದು ಎರಡೋ ಮೂರೋ. ಆಗ 2ರ ಗೆರೆ ದಾಟುವುದು ಸುಲಭವಾಗಿಬಿಡುತ್ತದೆ, ಇಲ್ಲದ ಪರಿಣಾಮ ಇದೆ ಎಂದು ಕಾಣುತ್ತದೆ. ಇದನ್ನು ತಪ್ಪಿಸಲು ಒಂದೇ ಹೊತ್ತಿನಲ್ಲಿ ಫಲಿತಾಂಶ ಕೊಟ್ಟ ಕಂಪನಿಗಳನ್ನೆಲ್ಲ ಒಂದು ಪೋರ್ಟ್‌ಫೋಲಿಯೊ ಮಾಡಿ, ಅದನ್ನು ಒಂದೇ ಸಾಕ್ಷಿ ಎಂದು ಎಣಿಸುತ್ತಾರೆ. ಹೀಗೆ ಮಾಡಿದರೆ ಎಣಿಕೆ ಕಡಿಮೆಯಾಗುತ್ತದೆ, ಹಾಗಾಗಿ ಒಂದು ತೀರ್ಮಾನಕ್ಕೆ ಬರಲು ಹತ್ತಾರು ತ್ರೈಮಾಸಿಕಗಳ ಬೆಲೆಗಳು ಬೇಕಾಗುತ್ತವೆ.